ನಮ್ಮವರ ಬಟ್ಟೆಗೆ ಗ್ಲೌಸಿಲ್ಲ

ಆ ಲಾಂಡ್ರಿಯಲ್ಲಿ ಕೆಲಸದವರ ಯಾರ ಮನೆಯಲ್ಲಿ ಸಾವಾದರೂ ಹೂವಿನ ಹಾರ ಕಳಿಸುವ ಪದ್ಧತಿ ಇರಲಿಲ್ಲ. ಸತ್ತವರ ಹಾಸಿಗೆ ಬಟ್ಟೆಯನ್ನು ತಂದು, ಒಗೆದು, ಇಸ್ತ್ರಿ ಮಾಡಿ, ಮಡಿಸಿ ಮನೆಗೆ ತಲುಪಿಸುತ್ತಿದ್ದರು. ಅದೇ ಅವರ ಸಂತಾಪ. ಮೂರು ಆಸ್ಪತ್ರೆ, ಎರಡು ಹೋಟೆಲಿನ ಬಟ್ಟೆ ಒಗೆಯುವ ಜಾಗ ಅದು. ದಿನಕ್ಕೆ ಸಾವಿರಗಟ್ಟಲೆ ಚಾದರ ಬರುತ್ತಿದ್ದವು. ಅದರ ನಡುವೆ ನಮ್ಮವರದೊಂದು ಗಂಟು ಬಂದರೆ ಕೊಳೆ ಬಟ್ಟೆ ಬಿಡಿಸುವ ಕೊಳೆಕಡೆಯವರೆಲ್ಲ ಮೇಜಿನ ಸುತ್ತ ಸೇರಿ ಗ್ಲೌಸು ಕಳಚಿಡುತ್ತಿದ್ದರು. ಬರಿಗೈಯಲ್ಲಿ ಬಟ್ಟೆ ಬಿಡಿಸುತ್ತಿದ್ದರು. 'ಪರರ ಬಟ್ಟೆಗೆ ಗ್ಲೌಸು, ನಮ್ಮವರ ಬಟ್ಟೆಗೆ ಕೈ' ಅನ್ನೋದು ಅಲ್ಲಿನ ಮಾತು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಮೇಸ್ತ್ರಿಯಮ್ಮ ಕೆಲಸಕ್ಕೆ ಸೇರಿದಾಗಲೂ ಇತ್ತು.

ಮೇಸ್ತ್ರಿಯಮ್ಮ ಕೊಳೆಕಡೆಯ ಮುಖ್ಯಸ್ಥೆ. ಲಾಂಡ್ರಿಯ ನಟ್ಟನಡುವೆ ಒಂದು ಗೋಡೆ, ಗೋಡೆಯೊಳಗೇ ಕೂರಿಸಿದ ದೊಡ್ಡ ಯಂತ್ರಗಳು. ಈ ಕಡೆ ಬಾಗಿಲಿನಿಂದ ಕೊಳೆ ಬಟ್ಟೆ ತುಂಬಿದರೆ ಆ ಕಡೆ ಬಾಗಿಲಿನಿಂದ ಒಗೆದದ್ದು ತೆಗೆಯಬೇಕು. ಕೊಳೆಕಡೆಯವರು ಬಿಳಿಕಡೆಗೆ ಕಾಲಿಡುವಂತಿಲ್ಲ. ಗೋಡೆಯಲ್ಲೊಂದು ಗಾಜಿನ ಕಿಟಕಿ, ಅದರಲ್ಲಿ ಒಬ್ಬರ ಮುಖ ಒಬ್ಬರು ನೋಡಬಹುದು, ಅಷ್ಟೇ. ಬಟ್ಟೆಗೆ ಬಿಳಿ ಚೀಲ. ರಕ್ತವೋ ಮತ್ತೊಂದೋ ತೊಯ್ದಿದ್ದರೆ, ಇಲ್ಲವೇ ಆಸ್ಪತ್ರೆಯವರು ಸೋಂಕಿನದು ಅಂತ ಗುರುತು ಹಾಕಿದ್ದರೆ, ಕೆಂಪು ಚೀಲ. ಕೆಂಪು ಚೀಲದೊಳಗೆ ಬಿಸಿನೀರಿಗೆ ಕರಗುವ ಇನ್ನೊಂದು ತೆಳು ಚೀಲ ಇರುತ್ತೆ. ಅದನ್ನು ಬಿಚ್ಚದೆ ಹಾಗೇ ಯಂತ್ರಕ್ಕೆ ಎಸೆಯಬೇಕು. ಅದರ ಜೊತೆ ಬೇರೆ ಬಟ್ಟೆ ಹಾಕುವಂತಿಲ್ಲ. ಈ ನಿಯಮ ಗೋಡೆ ಮೇಲೆ ಬರೆದಿದೆ. ಮೇಸ್ತ್ರಿಯಮ್ಮನಿಗೆ ಅದನ್ನು ಓದುವ ಅಗತ್ಯವಿರಲಿಲ್ಲ, ಕೈಗೇ ಬಾಯಿಪಾಠ ಆಗಿತ್ತು.

ಸತ್ತವನು ವ್ಯಾನಣ್ಣ. ಆಸ್ಪತ್ರೆಗಳಿಂದ ಬಟ್ಟೆ ತರುವ ವ್ಯಾನಿನ ಡ್ರೈವರು, ಆದ್ದರಿಂದ ಆ ಹೆಸರು. ನಲವತ್ತೊಂದು ವಯಸ್ಸು, ಬಾಯ್ತುಂಬ ನಗು. ಹಾರ್ನ್ ಬದಲು ಬಾಗಿಲು ಬಡಿದು "ಅಮ್ಮಾ, ನಿಮ್ಮ ಮೆರವಣಿಗೆ ಬಂತು" ಅಂತ ಕೂಗುತ್ತಿದ್ದ. ಅವನ ಹೆಂಡತಿ ಬಿಳಿಕಡೆಯಲ್ಲಿ ಚಾದರ ಇಸ್ತ್ರಿಯಾಗುವ ರೋಲರಿನ ಮುಂದೆ ಕೆಲಸ ಮಾಡುವವಳು. ಹದಿನಾಲ್ಕು ವರ್ಷದ ಮಗಳೊಬ್ಬಳಿದ್ದಳು.

ಅವನು ತೀರಿಕೊಳ್ಳುವುದಕ್ಕೆ ಒಂದು ವಾರ ಮುಂಚೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹೆಂಡತಿ ಮೇಸ್ತ್ರಿಯಮ್ಮನಿಗೆ ವಿಷಯ ಹೇಳಿಬಿಟ್ಟಿದ್ದಳು.

"ಅಕ್ಕ, ಅವರಿಗಿರೋದು ಬರೀ ನ್ಯುಮೋನಿಯಾ ಅಲ್ಲ. ಎಚ್‌ಐವಿ. ಐದು ವರ್ಷ ಆಯ್ತು."

ಮೇಸ್ತ್ರಿಯಮ್ಮ ಅವಳ ಕೈ ಹಿಡಿದುಕೊಂಡಳು. ಬಿಡಲಿಲ್ಲ. ಆ ಕೈ ಹಿಡಿದದ್ದನ್ನು ನೆನೆಸಿಕೊಂಡು ಅವಳಿಗೆ ಮುಂದೆ ಎಷ್ಟೋ ಸಲ ಹೆಮ್ಮೆಯಾಗಿತ್ತು. ನಾಚಿಕೆಯಾದದ್ದು ಆಮೇಲೆ.

"ಮಾತ್ರೆ ತಗೋತಾ ಇದ್ರೆ ನೂರು ವರ್ಷ ಬದುಕಬಹುದು ಅಂದಿದ್ರು ಡಾಕ್ಟ್ರು. ನಾಲ್ಕು ವರ್ಷ ಒಂದು ದಿನಾನೂ ತಪ್ಪಿಸಲಿಲ್ಲ ಇವರು. ಆದ್ರೆ ಮಾತ್ರೆ ಕೊಡೋ ಕಿಟಕಿ ಇದೇ ಆಸ್ಪತ್ರೇಲಿ ಅಕ್ಕ. ಇವರು ದಿನಾ ಬಟ್ಟೆ ತುಂಬ್ಕೊಳ್ಳೋ ಆಸ್ಪತ್ರೆ. ವಾರ್ಡ್ ಬಾಯಿಂದ ಹಿಡಿದು ವಾಚ್‌ಮನ್ ತನಕ ಎಲ್ಲ ಪರಿಚಯ. ಆ ಸಾಲಲ್ಲಿ ಹೇಗೆ ನಿಲ್ತಾರೆ? ಅದಕ್ಕೇ ಬಸ್ಸಲ್ಲಿ ಮೂರು ಗಂಟೆ ದೂರ, ಬೇರೆ ಊರಲ್ಲಿ ಹೆಸರು ಬರೆಸಿದ್ರು. ಹೋದ ವರ್ಷ ವ್ಯಾನಿಗೆ ಎರಡು ಪಾಳಿ ಮಾಡಿದ್ರಲ್ಲ, ರಜೆ ಸಿಗಲಿಲ್ಲ. ಒಂದು ತಿಂಗಳು ತಪ್ತು. ಮತ್ತೆ ಒಂದು ತಿಂಗಳು. ಆಮೇಲೆ ಹೋಗೋಕೇ ಮುಖ ಇಲ್ಲ ಅಂದ್ರು."

ಹೀಗೆ, ಕೈಯಳತೆಯಲ್ಲಿ ಮಾತ್ರೆ ಇದ್ದೂ ಮನುಷ್ಯ ಸತ್ತ. ಅವನನ್ನು ಕೊಂದದ್ದು ರೋಗ ಅಂತ ಹೇಳುವವರಿಗೆ ಒಂದು ನಮಸ್ಕಾರ. ಅವನನ್ನು ಕೊಂದದ್ದು ಆ ಸಾಲಿನಲ್ಲಿ ನಿಂತರೆ ನೋಡಬಹುದಾಗಿದ್ದ ಕಣ್ಣುಗಳು.

ಮೆಟ್ಟಿಲ ಮೇಲಿನ ಆ ಮಾತಾಗಿ ನಾಲ್ಕು ದಿನಕ್ಕೆ, ಅವನು ಇನ್ನು ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ, ಆಸ್ಪತ್ರೆಯ ಕೌನ್ಸೆಲರ್ ಕೋಣೆಗೆ ಹೆಂಡತಿ ಮೇಸ್ತ್ರಿಯಮ್ಮನನ್ನೂ ಕರೆದುಕೊಂಡು ಹೋದಳು. ಕೌನ್ಸೆಲರ್ ಸಣ್ಣ ವಯಸ್ಸಿನ ಹುಡುಗಿ, ಆದರೆ ಮಾತು ಅಳೆದು ತೂಗಿದ ಹಾಗೆ. ಹೆಂಡತಿ "ಇವರಿಗೆ ಎಲ್ಲ ಗೊತ್ತು, ಇವರ ಮುಂದೆ ಮಾತಾಡಿ" ಅಂದಮೇಲೆಯೇ ಬಾಯಿ ತೆರೆದಳು. ಹೆಂಡತಿಯ ರಕ್ತಪರೀಕ್ಷೆಯಲ್ಲಿ ಸೋಂಕು ಇಲ್ಲ ಅಂತ ಬಂದಿತ್ತು. ಗಂಡ ಮಾತ್ರೆ ಬಿಟ್ಟಿದ್ದರಿಂದ ಮೂರು ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಒಟ್ಟಿಗೆ ಉಣ್ಣುವುದರಿಂದ, ಒಂದೇ ಲೋಟದಲ್ಲಿ ಕುಡಿಯುವುದರಿಂದ, ಹಾಸಿಗೆ ಹೊದಿಕೆಯಿಂದ, ಮುಟ್ಟುವುದರಿಂದ ಇದು ಬರುವುದಿಲ್ಲ. ಮೇಸ್ತ್ರಿಯಮ್ಮ ತಾನೇ ಕೇಳಿದ್ದಳು, "ಹಾಸಿಗೆ ಬಟ್ಟೆಯಿಂದಲೂ ಇಲ್ಲವಾ?" ಅಂತ. "ಇಲ್ಲಮ್ಮ" ಅಂದಿದ್ದಳು ಹುಡುಗಿ, "ಮೈಯಿಂದ ಹೊರಗೆ ಬಿದ್ದು ಒಣಗಿದ ಮೇಲೆ ಅದರ ಆಟ ನಡೆಯಲ್ಲ. ರಕ್ತ ಅಂಟಿದ ಬಟ್ಟೆಗೆ ಗ್ಲೌಸು ಹಾಕಿ, ಅದು ಯಾರ ರಕ್ತ ಆದರೂ ಅಷ್ಟೇ."

ಆಮೇಲೆ ಕೇಳಿದಳು: "ಜನ ಕೇಳಿದ್ರೆ ಏನು ಹೇಳ್ತೀರಿ?"

ಹೆಂಡತಿ ಬಾಗಿಲ ಕಡೆ ನೋಡಿದಳು. ವ್ಯಾನಣ್ಣನ ಅಣ್ಣ, ಅವಳಿಗೆ ಭಾವ, ಬಾಗಿಲಲ್ಲಿ ನಿಂತಿದ್ದವನು ಹೇಳಿದ: "ಹಾರ್ಟ್ ಅಂತ ಹೇಳೋಣ. ಇಲ್ಲಾ ಕಾಮಾಲೆ."

"ಸುಳ್ಳು ಬೇಡ ಅಣ್ಣ. ಸುಳ್ಳಿಗೆ ನೆನಪಿನ ಶಕ್ತಿ ಬೇಕು. ಒಬ್ಬರು ಹಾರ್ಟ್ ಅಂತೀರ, ಇನ್ನೊಬ್ಬರು ಕಾಮಾಲೆ ಅಂತೀರ, ಅಲ್ಲೇ ಸಿಕ್ಕಿಬೀಳ್ತೀರ. ನ್ಯುಮೋನಿಯಾ ಅನ್ನಿ. ಅದು ನಿಜ. ಎಲ್ಲರೂ ಅಷ್ಟನ್ನೇ ಹೇಳಿ, ಮೇಲೆ ಉಪ್ಪು ಖಾರ ಹಚ್ಚಬೇಡಿ. ಮತ್ತೆ ಕೇಳಿದ್ರೆ, 'ಅದರ ಬಗ್ಗೆ ಮಾತಾಡೋ ಶಕ್ತಿ ಇಲ್ಲ' ಅಂದ್ರೆ ಮುಗೀತು. ಮರಣಪತ್ರದ ಚಿಂತೆ ಬೇಡ. ಕಾರಣ ಬರೆದ ಫಾರಂ ಇಲ್ಲಿಂದ ನೇರ ನೋಂದಣಿ ಕಚೇರಿಗೆ ಹೋಗುತ್ತೆ. ನಿಮ್ಮ ಕೈಗೆ ಸಿಗೋ ಪತ್ರದಲ್ಲಿ ಹೆಸರು, ದಿನ, ಜಾಗ ಅಷ್ಟೇ ಇರುತ್ತೆ."

ಅದಾದ ಮೂರನೆಯ ದಿನ ವ್ಯಾನಣ್ಣ ಹೋದ. ಶವ ಕೊಡುವಾಗ ಅಟೆಂಡರ್ ಒಬ್ಬ ಎರಡು ಪದರ ಪ್ಲಾಸ್ಟಿಕ್ ಸುತ್ತಿ, ಮೇಲೆ ಏನೋ ಬರೆಯಲು ಪೆನ್ನು ತೆಗೆದ. ಮೇಸ್ತ್ರಿಯಮ್ಮ ಓಡಿಹೋಗಿ ಕೌನ್ಸೆಲರನ್ನು ಕರೆತಂದಳು. ಹುಡುಗಿ ಬಂದವಳು ಅಟೆಂಡರನನ್ನು ಪಕ್ಕಕ್ಕೆ ಕರೆದು ಏನು ಹೇಳಿದಳೋ, ಅವನು ಪೆನ್ನು ಜೇಬಿಗಿಟ್ಟ. ಎಲ್ಲರ ಶವದಂತೆ ಬಿಳಿ ಚಾದರದಲ್ಲೇ ಕೊಟ್ಟರು. ಚಾದರದ ಮೂಲೆಯಲ್ಲಿ ಲಾಂಡ್ರಿಯ ನೀಲಿ ಮೊಹರು. ತಮ್ಮ ಯಂತ್ರದಲ್ಲೇ ಒಗೆದ ಚಾದರ, ಅವನೇ ವ್ಯಾನಿನಲ್ಲಿ ತಂದುಕೊಟ್ಟ ಚಾದರ. ಅದನ್ನು ನೋಡಿ ಮೇಸ್ತ್ರಿಯಮ್ಮ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು.

"ಅಕ್ಕ, ಲಾಂಡ್ರೀಲಿ ಗೊತ್ತಾದ್ರೆ ನನ್ನ ಕಥೆ ಮುಗೀತು" ಅಂದಳು ಹೆಂಡತಿ. "ನನ್ನ ಜೊತೆ ಊಟಕ್ಕೆ ಕೂರಲ್ಲ ಯಾರೂ. ಮಗಳ ಸ್ಕೂಲಿಗೂ ಮಾತು ಹೋಗುತ್ತೆ."

"ನನ್ನ ಬಾಯಿಂದ ಹೋದ್ರೆ ನನ್ನ ನಾಲಿಗೆ ಸೇದಿಹೋಗ್ಲಿ" ಅಂದಳು ಮೇಸ್ತ್ರಿಯಮ್ಮ.

ನಾಲಿಗೆಯ ಮಟ್ಟಿಗೆ ಆ ಮಾತನ್ನು ಅವಳು ಅಕ್ಷರಶಃ ಉಳಿಸಿಕೊಂಡಳು. ಸುಳ್ಳಲ್ಲ.

ಲಾಂಡ್ರಿಯಿಂದ ಒಂಬತ್ತು ಜನ ವ್ಯಾನಣ್ಣನ ಮನೆಗೆ ಹೊರಟಾಗ ವ್ಯಾನಿನಲ್ಲೇ ಮೇಸ್ತ್ರಿಯಮ್ಮ ಎಲ್ಲರಿಗೂ ಪಾಠ ಮಾಡಿದಳು. "ಹೋಗಿ ಏನಾಯ್ತು, ಹೇಗಾಯ್ತು, ಯಾವ ಡಾಕ್ಟ್ರು ಅಂತ ಪೊಲೀಸರ ಥರ ಕೇಳಬೇಡಿ. ಅವಳು ಹೇಳಿದ್ರೆ ಕೇಳಿ, ಹೇಳದಿದ್ರೆ ಬಿಡಿ. ಅವನ ಬಗ್ಗೆ ನಿಮಗೆ ನೆನಪಿರೋದು ಹೇಳಿ. ಏನೂ ತೋಚದಿದ್ರೆ ಬಾಯಿ ಮುಚ್ಕೊಂಡು ಪಕ್ಕದಲ್ಲಿ ಕೂತ್ಕೊಳ್ಳಿ. ಅದೂ ಸಂತಾಪಾನೇ."

ಟಪಾಲಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಬಟ್ಟೆ ಬಿಡಿಸುವ ಮೇಜಿನಲ್ಲಿ ಮೇಸ್ತ್ರಿಯಮ್ಮನ ಬಲಗೈ ಅವಳು. ಕೊಳೆಕಡೆಯ ಸುದ್ದಿ ಬಿಳಿಕಡೆಗೆ, ಬಿಳಿಕಡೆಯದು ಗೇಟಿಗೆ, ಅಂಚೆಚೀಟಿಯೂ ಇಲ್ಲದೆ ತಲುಪಿಸುವವಳು. ಮನೆ ಹೊಕ್ಕು ಐದು ನಿಮಿಷ ಆಗಿರಲಿಲ್ಲ, ಶುರುಮಾಡಿದಳು.

"ಇದ್ದಕ್ಕಿದ್ದಂಗೆ ಏನಾಯ್ತಮ್ಮ ಅವನಿಗೆ?"

"ನ್ಯುಮೋನಿಯಾ" ಅಂದಳು ಹೆಂಡತಿ.

"ನ್ಯುಮೋನಿಯಾಕ್ಕೆ ಈ ವಯಸ್ಸಿನವರು ಸಾಯ್ತಾರಾ? ಮೊದಲಿಂದ ಏನಾದ್ರೂ ಇತ್ತಾ? ಒಂದು ವರ್ಷದಿಂದ ಸೊರಗಿಹೋಗಿದ್ದ, ನಾನೇ ನೋಡ್ತಿದ್ದೆ."

ಹೆಂಡತಿಯ ಬೆರಳುಗಳು ಸೆರಗನ್ನು ಸುತ್ತತೊಡಗಿದವು. ಮೇಸ್ತ್ರಿಯಮ್ಮ ನಡುವೆ ಬಾಯಿ ಹಾಕಿದಳು. "ಸೊರಗದೆ ಏನು ಮಾಡ್ತಾನೆ, ಎರಡು ಪಾಳಿ ಓಡಿಸ್ತಿದ್ದ. ನಿನಗೆ ನೆನಪಿದ್ಯಾ ಟಪಾಲು, ಹೋದ ಸಲ ಸೇತುವೆ ಮೇಲೆ ವ್ಯಾನು ಕೆಟ್ಟು ನಿಂತಾಗ ಇನ್ನೂರು ದಿಂಬಿನ ಚೀಲದ ಗಂಟನ್ನ ತಲೆ ಮೇಲೆ ಹೊತ್ಕೊಂಡು ಬಂದ. 'ಅಮ್ಮಾ, ಮೆರವಣಿಗೆ ನಡ್ಕೊಂಡು ಬಂತು' ಅಂದ."

ಎಲ್ಲರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಹೆಂಡತಿಯೂ ನಕ್ಕಳು, ಎಷ್ಟೋ ದಿನದ ಮೇಲೆ. ಮಗಳು ಒಳಗಿನಿಂದ ಬಂದು ಬಾಗಿಲ ಬಳಿ ನಿಂತು ಅಪ್ಪನ ಇನ್ನೊಂದು ಕಥೆ ಹೇಳಿ ಅಂದಳು. ಟಪಾಲಮ್ಮನ ಪ್ರಶ್ನೆ ಗಾಳಿಗೆ ಹಾರಿಹೋಯಿತು. ಮೇಸ್ತ್ರಿಯಮ್ಮನಿಗೆ ಒಳಗೊಳಗೇ ಎಂಥ ಸಮಾಧಾನ! ದೊಡ್ಡ ದೊಡ್ಡವರ ಕೈಲಾಗದ್ದನ್ನು ತಾನು ಮಾಡಿದೆ ಅನ್ನಿಸಿತು. ಮನುಷ್ಯನಿಗೆ ತನ್ನ ಒಳ್ಳೆಯತನದ ಮೇಲೆ ನಂಬಿಕೆ ಹುಟ್ಟಬಾರದು. ಹುಟ್ಟಿದರೆ ಅದರ ಮೇಲೊಂದು ಕಣ್ಣಿಟ್ಟಿರಬೇಕು.

ಹೊರಡುವಾಗ ಹಾಸಿಗೆ ಬಟ್ಟೆಯ ಮಾತು ಬಂತು. ಹೆಂಡತಿ ಮೇಸ್ತ್ರಿಯಮ್ಮನನ್ನು ಒಳಗೆ ಕರೆದಳು. "ಬೇಡ ಅಂದ್ರೆ ಅನುಮಾನ ಬರುತ್ತೆ ಅಕ್ಕ. ನೀವೇ ಕಟ್ಟಿ." ಎರಡು ಚಾದರ, ಎರಡು ದಿಂಬಿನ ಚೀಲ, ಒಂದು ಹೊದಿಕೆ. ಮೇಸ್ತ್ರಿಯಮ್ಮ ಒಂದೊಂದನ್ನೂ ಬಿಚ್ಚಿ ನೋಡಿದಳು. ರಕ್ತದ ಕಲೆ ಇಲ್ಲ, ಬೇರೆ ಕಲೆಯೂ ಇಲ್ಲ. ಬೆವರಿನ ವಾಸನೆ, ಅಷ್ಟೇ. ಬಿಳಿ ಚೀಲಕ್ಕೆ ತುಂಬಿದಳು. ಕಟ್ಟಿ ಮುಗಿದ ಮೇಲೆ ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದಳು. ಯಾಕೆ ತೊಳೆದೆ ಅಂತ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತು. ಎರಡೂ ಪಾಳಿಯವರು ಇದ್ದಾಗಲೇ ನಮ್ಮವರ ಗಂಟು ಬಿಚ್ಚುವುದು ರೂಢಿ. ಹದಿನೇಳು ಜನ ಮೇಜಿನ ಸುತ್ತ ನಿಂತರು. ಗಾಜಿನ ಕಿಟಕಿಯ ಆಚೆ ಬಿಳಿಕಡೆಯವರು ಗುಂಪುಗೂಡಿದರು. ಎಲ್ಲರೂ ಗ್ಲೌಸು ಕಳಚಿದರು. ಮೇಸ್ತ್ರಿಯಮ್ಮನೂ ಕಳಚಿದಳು. ಚೀಲದ ದಾರ ಬಿಚ್ಚಿ ಬಟ್ಟೆಯನ್ನು ಮೇಜಿನ ಮೇಲೆ ಸುರಿದರು.

ದಿಂಬಿನ ಚೀಲವೊಂದರ ಅಂಚಿನಲ್ಲಿ ಕಂದು ಬಣ್ಣದ್ದೊಂದು ಚುಕ್ಕೆ ಇತ್ತು, ಉಗುರಿನಷ್ಟು. ನಿನ್ನೆ ಮಂದ ಬೆಳಕಿನಲ್ಲಿ ಕಂಡಿರಲಿಲ್ಲ. ಟೀ ಇರಬಹುದು, ಔಷಧಿ ಇರಬಹುದು. ಟಪಾಲಮ್ಮ ಎಲ್ಲರಿಗಿಂತ ಮೊದಲು ಕೈ ಮುಂದೆ ಚಾಚಿದಳು. ಅವಳ ಬಾಯಿ ಹೇಗೇ ಇರಲಿ, ವ್ಯಾನಣ್ಣನೆಂದರೆ ಅವಳಿಗೆ ನಿಜವಾದ ಅಕ್ಕರೆ. ಅವಳ ಕಣ್ಣು ತುಂಬಿತ್ತು. ಅವಳ ತೋರುಬೆರಳು ಬೆಳಿಗ್ಗೆಯಷ್ಟೇ ಕುಯ್ದಿತ್ತು, ಅದಕ್ಕೆ ಬ್ಯಾಂಡೇಜು ಸುತ್ತಿದ್ದಳು.

"ಮುಟ್ಟಬೇಡ!"

ಅದು ಮೇಸ್ತ್ರಿಯಮ್ಮನ ದನಿ. ಟಪಾಲಮ್ಮನ ಮಣಿಕಟ್ಟನ್ನು ಹಿಡಿದು ಹಿಂದಕ್ಕೆ ಎಳೆದಿದ್ದು ಮೇಸ್ತ್ರಿಯಮ್ಮನ ಕೈ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು, 'ಬೆರಳು ಕುಯ್ದಿದೆಯಲ್ಲೇ' ಅಂದು ದಾಟಿಸಬಹುದಿತ್ತು. ಇಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ. ಇನ್ನೊಂದು ಕೈ ಆಗಲೇ ಕಳಚಿಟ್ಟ ಗ್ಲೌಸಿಗೆ ಹೋಗಿತ್ತು. ಗ್ಲೌಸು ಹಾಕಿಕೊಂಡು, ಗೂಟದಿಂದ ಕೆಂಪು ಚೀಲ ಎಳೆದು, ಐದೂ ಬಟ್ಟೆಯನ್ನು ಬಾಚಿ ಅದರೊಳಗೆ ತುರುಕಿ ಗಂಟು ಹಾಕಿದಳು. ಗಂಟು ಹಾಕಿದ ಮೇಲೆಯೇ ಕೈಯಲ್ಲಿ ಏನಿದೆ ಅಂತ ಅವಳಿಗೆ ಕಂಡದ್ದು.

ಹದಿನೇಳು ಜನರೂ ಕೆಂಪು ಚೀಲ ನೋಡುತ್ತಿದ್ದರು. ಆ ಬಣ್ಣ ಏನು ಹೇಳುತ್ತದೆ ಅನ್ನುವುದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

"ಅದು... ಅವಳ ಬೆರಳು ಕುಯ್ದಿತ್ತಲ್ಲ, ಅದಕ್ಕೆ" ಅಂದಳು ಮೇಸ್ತ್ರಿಯಮ್ಮ.

ಟಪಾಲಮ್ಮ ಮೆಲ್ಲಗೆ ತನ್ನ ಗ್ಲೌಸು ಹಾಕಿಕೊಂಡಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹಾಕಿಕೊಂಡರು. ಒಂದು ವರ್ಷದ ಸೊರಗು, ರಜೆ ಹಾಕಿ ಎಲ್ಲಿಗೋ ಹೋಗಲು ಹತ್ತುತ್ತಿದ್ದ ಬಸ್ಸು, ಈ ವಯಸ್ಸಿಗೆ ನ್ಯುಮೋನಿಯಾ, ಈಗ ಈ ಚೀಲ. ಎರಡಕ್ಕೆ ಎರಡು ಕೂಡಿಸಲು ಶಾಲೆಗೆ ಹೋಗಬೇಕಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಇಲ್ಲಿ ಮಾತನ್ನೂ ಆಡದೆ ಮುತ್ತು ಒಡೆದಿತ್ತು.

ಹಾಸಿಗೆ ಬಟ್ಟೆಯಿಂದ ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಕೇಳಿ ತಿಳಿದುಕೊಂಡಿದ್ದಳು. ಯಾರಾದರೂ ಕೇಳಿದ್ದರೆ ಕೌನ್ಸೆಲರಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ತಲೆಗೆ ಹತ್ತಿದ್ದು ಕೈಗೆ ಇಳಿದಿರಲಿಲ್ಲ. ಆ ದಿನ ಆ ಬಟ್ಟೆ ಒಂದೇ ಒಂದು ಯಂತ್ರದಲ್ಲಿ, ಬೇರೇನೂ ಇಲ್ಲದೆ, ಕುದಿಯುವಷ್ಟು ಬಿಸಿ ನೀರಿನಲ್ಲಿ ಸುತ್ತಿತು. ಆ ಕಡೆ ಬಾಗಿಲಿನಿಂದ ತೆಗೆದವರು ಕೋಲಿನಿಂದ ತೆಗೆದರು ಅಂತ ಆಮೇಲೆ ಗೊತ್ತಾಯಿತು. ಒಗೆದದ್ದನ್ನು!

ಹದಿನೆಂಟು ದಿನದ ಮೇಲೆ ಹೆಂಡತಿ ಕೆಲಸಕ್ಕೆ ಬಂದಳು. ಎಲ್ಲರೂ "ಬಂದ್ಯಾಮ್ಮ" ಅಂದರು. ಯಾರೂ ಏನೂ ಕೇಳಲಿಲ್ಲ. ಮೇಸ್ತ್ರಿಯಮ್ಮ ವ್ಯಾನಿನಲ್ಲಿ ಹೇಳಿಕೊಟ್ಟ ಪಾಠವನ್ನು ಈಗ ಎಲ್ಲರೂ ಚಾಚೂ ತಪ್ಪದೆ ಪಾಲಿಸಿದರು. ರೋಲರಿನ ಇನ್ನೊಂದು ತುದಿಯಲ್ಲಿ ಚಾದರ ಹಿಡಿಯುತ್ತಿದ್ದವಳು ಸೊಂಟನೋವು ಅಂತ ಬೇರೆ ಜಾಗ ಕೇಳಿ ಪಡೆದಳು. ಊಟದ ಕೋಣೆಯ ಉದ್ದ ಬೆಂಚಿನಲ್ಲಿ ಅವಳು ಕೂತರೆ ಎರಡೂ ಪಕ್ಕ ಜಾಗ ಖಾಲಿ. ನಾಲ್ಕನೆಯ ದಿನ ಟೀ ಲೋಟಗಳ ತಟ್ಟೆಯಲ್ಲಿ ಒಂದು ಲೋಟದ ಕತ್ತಿಗೆ ಕೆಂಪು ದಾರ ಕಟ್ಟಿತ್ತು. ಯಾರು ಕಟ್ಟಿದರು ಅಂತ ಕೇಳಿದರೆ ಯಾರೂ ಅಲ್ಲ. ಎರಡನೆಯ ವಾರ ಯಜಮಾನರು ಅವಳನ್ನು ಕರೆದು, "ನಿನ್ನ ಒಳ್ಳೇದಕ್ಕೇ ಅಮ್ಮ, ಕೊಳೆಕಡೆ ಮಾಡು. ಅಲ್ಲಿ ಎಲ್ರೂ ಗ್ಲೌಸು ಹಾಕಿರ್ತಾರೆ, ಯಾರಿಗೂ ಮುಜುಗರ ಇರಲ್ಲ" ಅಂದರು. ರೋಲರಿನ ಮುಂದೆ ಹನ್ನೊಂದು ವರ್ಷ ದುಡಿದವಳು ಗೋಡೆಯ ಈಚೆಗೆ ಬಂದಳು.

ಸುದ್ದಿ ಯಾರಿಂದ ಹೊರಗೆ ಹೋಯಿತು ಅಂತ ಅವಳಿಗೆ ಗೊತ್ತಿರಲಿಲ್ಲ. ಭಾವನ ಮೇಲೆ ಅನುಮಾನ. "ಕುಡಿದಾಗ ಎಲ್ಲೋ ಉಗುಳಿದ್ದಾರೆ. ಮನೆಗೆ ಬರಬೇಡಿ ಅಂದುಬಿಟ್ಟೆ ಅಕ್ಕ. ನೀವೊಬ್ಬರೇ ಹೊಟ್ಟೇಲಿ ಇಟ್ಕೊಂಡಿದ್ದು."

ಮೇಸ್ತ್ರಿಯಮ್ಮ "ಹೂಂ" ಅಂದಳು. ದೇವರಾಣೆ, ಆ ಒಂದು 'ಹೂಂ'ಗೆ ಅವಳಿಗೆ ಕ್ಷಮೆ ಇಲ್ಲ. ಚೀಲ ಕೈ ಮೀರಿ ಆದದ್ದು, 'ಹೂಂ' ಗೊತ್ತಿದ್ದೂ ಆಡಿದ್ದು.

ಮೂರು ತಿಂಗಳಾದ ಮೇಲೆ ಪರೀಕ್ಷೆಗೆ ಇಬ್ಬರೂ ಹೋದರು. ಅದೇ ಆಸ್ಪತ್ರೆ, ಅದೇ ಸಾಲು. ಇನ್ನು ಅಡಗಿಸಲು ಏನಿತ್ತು? ಸೋಂಕು ಇಲ್ಲ ಅಂತ ಬಂತು. ಹೆಂಡತಿ ಚೀಟಿಯನ್ನು ನೋಡಿ ಮಡಿಸಿ ಬ್ಲೌಸಿನೊಳಗಿಟ್ಟಳು. "ಇದನ್ನ ಯಾರಿಗೆ ತೋರಿಸಲಿ ಅಕ್ಕ? ತೋರಿಸಿದ್ರೆ ಅವರಿಗಿತ್ತು ಅಂತ ನಾನೇ ಒಪ್ಪಿಕೊಂಡಂಗೆ. ತೋರಿಸದಿದ್ರೆ ನನಗೂ ಇದೆ ಅಂತಾರೆ."

ಮೇಸ್ತ್ರಿಯಮ್ಮನಿಂದ ಇನ್ನು ತಡೆಯಲಾಗಲಿಲ್ಲ. ಆ ಮೆಟ್ಟಿಲ ಮೇಲೆಯೇ ಹೇಳಿದಳು. ಮೇಜು, ಚುಕ್ಕೆ, ಬೆರಳು, ಕೆಂಪು ಚೀಲ, 'ಹೂಂ' ಅಂದದ್ದು, ಎಲ್ಲ. ಹೆಂಡತಿ ಕೇಳಿದಳು, ಎದ್ದಳು, ಬಸ್ಸು ಹತ್ತಿ ಒಬ್ಬಳೇ ಮನೆಗೆ ಹೋದಳು.

ಮರುದಿನ ಟೀ ಹೊತ್ತಿಗೆ ಕೊಳೆಕಡೆಯವರೆಲ್ಲ ಸೇರಿದ್ದರು. ಮೇಸ್ತ್ರಿಯಮ್ಮ ರಾತ್ರಿಯಿಡೀ ಯೋಚಿಸಿ ಒಂದು ನಿರ್ಧಾರ ಮಾಡಿಕೊಂಡು ಬಂದಿದ್ದಳು. ಎಲ್ಲರ ಎದುರಿಗೆ ಹೋಗಿ, ಕೆಂಪು ದಾರದ ಲೋಟದಲ್ಲಿ ಹೆಂಡತಿ ಅರ್ಧ ಕುಡಿದಿಟ್ಟಿದ್ದ ಟೀಯನ್ನು ಎತ್ತಿ ಬಾಯಿಗೆ ಹಿಡಿದಳು. ಟಪಾಲಮ್ಮ ಬಾಯಿ ಬಿಟ್ಟು ನೋಡಿದಳು.

ಹೆಂಡತಿ ಎದ್ದು ಬಂದು ಲೋಟವನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡಳು.

"ಈಗ ಯಾರಿಗೆ ತೋರಿಸೋಕೆ ಅಕ್ಕ?"

ಮೇಸ್ತ್ರಿಯಮ್ಮ ಖಾಲಿ ಕೈ ಕೆಳಗಿಳಿಸಿದಳು.

"ನಮ್ಮನೆಯವರು ನಿಮಗೆ ಈ ವಿಷಯ ಹೇಳಬೇಡ ಅಂದಿದ್ರು" ಅಂದಳು ಹೆಂಡತಿ, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ನಾನೇ ಹಟ ಹಿಡಿದೆ. 'ಮೇಸ್ತ್ರಿಯಮ್ಮ ಒಳ್ಳೆಯವರು, ಅವರ ಬಾಯಿಂದ ಆಚೆ ಹೋಗಲ್ಲ' ಅಂದೆ. ಅದಕ್ಕೆ ನಮ್ಮನೆಯವರು, 'ಬಾಯಿ ವಿಷಯ ಅಲ್ಲ ಕಣೆ, ಆಸ್ಪತ್ರೆ ಬಟ್ಟೆ ಬಿಡಿಸೋರು, ಗೊತ್ತಾದ ಮೇಲೆ ಅವರ ಕೈ ಸುಮ್ಮನಿರಲ್ಲ' ಅಂದ್ರು."

ಅವಳು ಉಳಿದ ಟೀಯನ್ನು ಕುಡಿದಳು, ಲೋಟ ತೊಳೆದಳು, ದಾರ ಬಿಚ್ಚದೆ ತಟ್ಟೆಯ ಮೂಲೆಯಲ್ಲಿ ಬೋರಲು ಇಟ್ಟಳು. ಆಮೇಲೆ ಗ್ಲೌಸು ಹಾಕಿಕೊಂಡು ಮೇಜಿನ ಮುಂದೆ ಹೋಗಿ ನಿಂತಳು. ಆಸ್ಪತ್ರೆಯ ಮೂರನೆಯ ಲೋಡು ಬಂದಿತ್ತು.